ಶುಗರ್ ಪ್ಯಾಕೇಜ್ ರಿಪೋರ್ಟ್ ಕೈಯಲ್ಲಿದೆ, ಆದರೂ ನಾಲ್ಕು ಜನರನ್ನು ನೋಡಬೇಕಾ?

ಹೊಂಗೆ ನೆರಳು
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 59 ವರ್ಷ. ಟೈಪ್ 2 ಶುಗರ್ ಶುರುವಾಗಿ 12 ವರ್ಷ ಆಯಿತು. ಮೆಟ್‌ಫಾರ್ಮಿನ್ ಮಾತ್ರೆಯ ಜೊತೆಗೆ ನಾಲ್ಕು ವರ್ಷದಿಂದ ಮಿಕ್ಸ್ ಇನ್ಸುಲಿನ್ ಪೆನ್ನು ಇದೆ, ಬೆಳಿಗ್ಗೆ 30 ಯೂನಿಟ್, ರಾತ್ರಿ 22. ಈ ಸಲ HbA1c 9.1 ಬಂದಿದೆ. ಕ್ರಿಯಾಟಿನಿನ್, ಕೊಲೆಸ್ಟ್ರಾಲ್, ಲಿವರ್ ಎಲ್ಲ ನಾರ್ಮಲ್. ಮನೆಯಲ್ಲಿ ಮೀಟರಿನಲ್ಲಿ ನೋಡಿದರೆ ಒಂದು ದಿನ 280, ಇನ್ನೊಂದು ದಿನ ಅದೇ ಊಟ ಅದೇ ಡೋಸಿಗೆ 62. ಡೋಸ್ ಎರಡು ಸಲ ಏರಿಸಿದರೂ ಹೀಗೇ.

ಈಗ ಡಾಕ್ಟರು ಒಂದೇ ಚೀಟಿಯಲ್ಲಿ ನಾಲ್ಕು ಹೆಸರು ಬರೆದಿದ್ದಾರೆ: ಡಯಾಬಿಟಿಸ್ ಎಜುಕೇಟರ್, ಡಯಟೀಷಿಯನ್, ಪಾದದ ತಜ್ಞರು, ಕಣ್ಣಿನ ಡಾಕ್ಟರು. ಅಪ್ಪ ಹೇಳೋದು, ಕಾಲು ನೋವಿಲ್ಲ, ಉರಿಯಿಲ್ಲ, ಕನ್ನಡಕ ಹೋದ ವರ್ಷ ತಾನೇ ಬದಲಾಯಿಸಿದ್ದು, ಪಥ್ಯ ಗೊತ್ತಿರೋದೇ, ಯಾಕೆ ಅಲೆಯಬೇಕು ಅಂತ. ನಾಲ್ಕೂ ಬೇಕಾ? ಬೇಕಾದರೆ ಮೊದಲು ಯಾರ ಹತ್ತಿರ?

ಲೆಕ್ಕದ ಪುಸ್ತಕ
HbA1c ಒಂದೇ ಸಾಕು ಸರ್, ಅದು ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಅದನ್ನು 7ಕ್ಕೆ ಇಳಿಸಿದರೆ ಕಣ್ಣು, ಕಾಲು, ಕಿಡ್ನಿ ಎಲ್ಲ ತಾನಾಗಿ ಸರಿ ಇರುತ್ತವೆ. ಎಷ್ಟು ಬೇಗ ಇಳಿಸುತ್ತೀರೋ ಅಷ್ಟು ಒಳ್ಳೆಯದು. ಕನ್ನಡಕದ ಪರೀಕ್ಷೆ ಆಗಿದೆ ಅಂದರೆ ಕಣ್ಣು ನೋಡಿದ ಹಾಗೆಯೇ. ಕಾಲಿನಲ್ಲಿ ಉರಿ ಶುರುವಾದಾಗ ಪಾದದವರ ಹತ್ತಿರ ಹೋದರಾಯಿತು. ಡಯಟೀಷಿಯನ್ ಕೊಡೋದು ಒಂದು ಅಚ್ಚು ಹಾಕಿದ ಹಾಳೆ, ಅದು ಎಲ್ಲ ಕಡೆ ಸಿಗುತ್ತದೆ.

ಪೆನ್ನು ಸೂಜಿ
ಎಜುಕೇಟರ್ ಕೆಲಸ ಮಾಡುವವಳು ನಾನು. HbA1c ಮುಖ್ಯ ಅನ್ನೋದು ನಿಜ. ಆದರೆ ಅದು ಸರಾಸರಿ. 280 ಮತ್ತು 62 ಎರಡನ್ನೂ ಕೂಡಿಸಿ ನುಂಗಿಬಿಡುತ್ತದೆ. ಹೊಂಗೆ ನೆರಳು ಅವರೇ, ನಿಮ್ಮ ಪೋಸ್ಟಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 9.1 ಅಲ್ಲ, ಅದೇ ಡೋಸು, ಅದೇ ಊಟ, ಬೇರೆ ಬೇರೆ ಶುಗರು ಅನ್ನೋ ಮಾತು. ನಾಲ್ಕು ವರ್ಷ ಇನ್ಸುಲಿನ್ ತೆಗೆದುಕೊಂಡವರಲ್ಲಿ ಹೀಗಾದರೆ ನಾನು ಮೊದಲು ಅಂಗಿ ಎತ್ತಿಸಿ ಹೊಟ್ಟೆ ಮುಟ್ಟಿ ನೋಡುತ್ತೇನೆ.

ಚುಚ್ಚಿದ ಜಾಗದಲ್ಲೇ ಮತ್ತೆ ಮತ್ತೆ ಚುಚ್ಚಿದರೆ ಚರ್ಮದ ಕೆಳಗಿನ ಕೊಬ್ಬು ದಪ್ಪಗಾಗಿ ಗಂಟು ಕಟ್ಟುತ್ತದೆ. ಅಲ್ಲಿ ನೋವು ಕಡಿಮೆ, ಹಾಗಾಗಿ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಗಂಟಿನಿಂದ ಇನ್ಸುಲಿನ್ ರಕ್ತಕ್ಕೆ ಸೇರುವ ವೇಗಕ್ಕೆ ಲೆಕ್ಕವೇ ಇಲ್ಲ. ಒಂದು ದಿನ ಅರ್ಧ ಅಲ್ಲೇ ಉಳಿದು 280 ಆಗುತ್ತದೆ. ಇನ್ನೊಂದು ದಿನ ಸೂಜಿ ಅರ್ಧ ಇಂಚು ಆಚೆ ಒಳ್ಳೆಯ ಜಾಗಕ್ಕೆ ಬಿದ್ದು ಪೂರ್ತಿ 30 ಯೂನಿಟ್ ಕೆಲಸ ಮಾಡಿ 62 ಆಗುತ್ತದೆ. ಡಾಕ್ಟರಿಗೆ ಕಾಣುವುದು 280 ಮಾತ್ರ, ಅವರು ಡೋಸ್ ಏರಿಸುತ್ತಾರೆ.

ಗಂಟು ಕಣ್ಣಿಗೆ ಕಾಣದೆ ಕೈಗೆ ಮಾತ್ರ ಸಿಗುವುದೂ ಉಂಟು. ನಿಂತಾಗ ಒಮ್ಮೆ, ಮಲಗಿದಾಗ ಒಮ್ಮೆ, ಬೆರಳಿಗೆ ಸ್ವಲ್ಪ ಸೋಪಿನ ನೀರು ಹಚ್ಚಿಕೊಂಡು ಹೊಕ್ಕುಳಿನಿಂದ ದೂರದ ಮೆತ್ತನೆಯ ಚರ್ಮದಿಂದ ಶುರು ಮಾಡಿ ಚುಚ್ಚುವ ಜಾಗದ ಕಡೆಗೆ ನಿಧಾನವಾಗಿ ಸವರಿ. ಮೆತ್ತಗಿದ್ದದ್ದು ಒಂದು ಕಡೆ ರಬ್ಬರಿನ ಹಾಗೆ ಗಟ್ಟಿಯಾದರೆ ಅದೇ ಗಂಟು. ಒಳ್ಳೆಯ ಚರ್ಮ ಚಿವುಟಿದರೆ ತೆಳ್ಳಗೆ ಬರುತ್ತದೆ, ಗಂಟು ಬರುವುದಿಲ್ಲ.

ಒಂದು ಎಚ್ಚರಿಕೆ, ದಯವಿಟ್ಟು ಗಮನಿಸಿ. ಗಂಟು ಸಿಕ್ಕಿತು ಅಂತ ನಾಳೆಯಿಂದಲೇ ಅದೇ 30 ಯೂನಿಟನ್ನು ಒಳ್ಳೆಯ ಜಾಗಕ್ಕೆ ಹಾಕಬೇಡಿ. ಶುಗರ್ ತುಂಬಾ ಕೆಳಗೆ ಹೋಗಬಹುದು. ಜಾಗ ಬದಲಾಯಿಸುವಾಗ ಡಾಕ್ಟರು ಡೋಸನ್ನು ಸಾಮಾನ್ಯವಾಗಿ ಶೇಕಡಾ 10ರಿಂದ 20 ಇಳಿಸುತ್ತಾರೆ, ಕೆಲವರಲ್ಲಿ ಇನ್ನೂ ಹೆಚ್ಚು. ಶೇಕಡಾ 20 ಅಂದುಕೊಂಡರೆ 30 ಇದ್ದದ್ದು 24 ಆಗುತ್ತದೆ, 22 ಇದ್ದದ್ದು 18ರ ಹತ್ತಿರ ಬರುತ್ತದೆ. ಇದು ಲೆಕ್ಕ ಹೇಗೆ ಅಂತ ತೋರಿಸೋದಕ್ಕೆ ಮಾತ್ರ. ನಿಮ್ಮ ಅಪ್ಪನ ಡೋಸ್ ನಾನು ಹೇಳುವ ಹಾಗಿಲ್ಲ, ಎಜುಕೇಟರ್ ಯಾರೂ ತಾವಾಗಿ ಬದಲಾಯಿಸುವುದಿಲ್ಲ. ನಮ್ಮ ಕೆಲಸ ಗಂಟನ್ನು ಹುಡುಕಿ, ಚುಚ್ಚುವ ರೀತಿ ತಿದ್ದಿ, ಡಾಕ್ಟರಿಗೆ ಬರೆದು ಕಳಿಸುವುದು.

ಹೊಂಗೆ ನೆರಳು
ಮೇಡಂ, ಅಪ್ಪ ಚುಚ್ಚಿಕೊಳ್ಳೋದು ಯಾವಾಗಲೂ ಹೊಕ್ಕುಳಿನ ಎಡಗಡೆ. ಬಲಗೈಗೆ ಅದೇ ಸಲೀಸು. ಸೂಜಿ ಒಂದನ್ನೇ ನಾಲ್ಕೈದು ಸಲ ಬಳಸುತ್ತಾರೆ. ಇನ್ಸುಲಿನ್ ಬೆಳ್ಳಗಿರುತ್ತದೆ, ಪೆನ್ನು ಒಂದೆರಡು ಸಲ ಅಲ್ಲಾಡಿಸಿ ಹಾಕಿಕೊಳ್ಳುತ್ತಾರೆ.

ಪೆನ್ನು ಸೂಜಿ
ಹಾಗಾದರೆ ಮೂರು ಕಡೆ ತಪ್ಪುತ್ತಿದೆ, ಮೂರರ ಪರಿಣಾಮವೂ ಒಂದೇ ತರಹ, ಏರಿಳಿತ.

ಬೆಳ್ಳಗಿರುವ ಮಿಕ್ಸ್ ಇನ್ಸುಲಿನ್ ನಿಂತರೆ ತಳದಲ್ಲಿ ಕೂರುತ್ತದೆ. ಅಂಗೈಗಳ ನಡುವೆ 10 ಸಲ ಉರುಳಿಸಿ, ಆಮೇಲೆ 10 ಸಲ ನಿಧಾನವಾಗಿ ತಲೆಕೆಳಗು ಮಾಡಬೇಕು, ಹಾಲಿನ ಹಾಗೆ ಒಂದೇ ಸಮ ಆಗುವ ತನಕ. ಜೋರಾಗಿ ಕುಲುಕಿದರೆ ಗುಳ್ಳೆ ಬಂದು ಡೋಸ್ ತಪ್ಪುತ್ತದೆ. ಪ್ರತಿ ಸಲ ಹೊಸ ಸೂಜಿ ಹಾಕಿ, 2 ಯೂನಿಟ್ ಗಾಳಿಗೆ ಬಿಟ್ಟು, ತುದಿಯಲ್ಲಿ ಹನಿ ಕಂಡ ಮೇಲೆ ಡೋಸ್ ತಿರುಗಿಸಿ. ಗುಂಡಿ ಪೂರ್ತಿ ಒತ್ತಿ ಮನಸ್ಸಿನಲ್ಲಿ 10 ಎಣಿಸಿ ಸೂಜಿ ತೆಗೆಯಿರಿ. ಬೇಗ ತೆಗೆದರೆ ಚರ್ಮದ ಮೇಲೆ ಹನಿ ಉಳಿಯುತ್ತದೆ, ಅದು ದೇಹಕ್ಕೆ ಹೋಗದ ಇನ್ಸುಲಿನ್. ಹೆಚ್ಚಿನವರಿಗೆ 4 ಮಿಲಿಮೀಟರ್ ಸೂಜಿ ಸಾಕು, ನೇರವಾಗಿ ಚುಚ್ಚಬಹುದು. ಒಂದು ಚುಚ್ಚಿಗೂ ಇನ್ನೊಂದಕ್ಕೂ ಒಂದು ಬೆರಳ ಅಗಲ ಅಂತರ ಇರಲಿ, ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗ ಬಳಸಿ.

ಇದೆಲ್ಲ ಬಾಯಲ್ಲಿ ಹೇಳಿದರೆ ಎಲ್ಲರೂ ಗೊತ್ತು ಅನ್ನುತ್ತಾರೆ. ಅದಕ್ಕೇ ವರ್ಷಕ್ಕೊಮ್ಮೆ ನನ್ನ ಎದುರು ಮಾಡಿ ತೋರಿಸಿ ಅನ್ನುತ್ತೇನೆ. ಎಜುಕೇಟರ್ ಭೇಟಿಯ ತಿರುಳೇ ಅದು.

ನೀಲಿ ಕೊಡೆ
ನನ್ನದೂ ಇದೇ ಪ್ರಶ್ನೆ. ನನಗೆ ಇನ್ಸುಲಿನ್ ಶುರು ಮಾಡಿದ ಎರಡನೇ ವಾರದಿಂದ ದೂರದ್ದು ಮಂಜು ಮಂಜು. ಕನ್ನಡಕದ ಅಂಗಡಿಯಲ್ಲಿ ಪವರ್ ಬದಲಾಯಿಸಿದೆ, ಒಂದು ತಿಂಗಳಿಗೆ ಅದೂ ಸರಿಹೋಗಲಿಲ್ಲ. ಇನ್ಸುಲಿನ್ ಕಣ್ಣು ಕೆಡಿಸುತ್ತದೆ ಅಂತ ನಮ್ಮ ಕಡೆಯವರು ಹೇಳುತ್ತಾರೆ. ನಿಲ್ಲಿಸಲೇ?

ಪಾಪೆ
ನಿಲ್ಲಿಸಬೇಡಿ. ನಾನು ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ ನೋಡುವ ವಿಭಾಗದವನು. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ವಿಷಯಗಳಿವೆ, ಎರಡನ್ನೂ ಬಿಡಿಸಿ ಹೇಳುತ್ತೇನೆ, ಹೊಂಗೆ ನೆರಳು ಅವರಿಗೂ ಇದು ಬೇಕಾಗುತ್ತದೆ.

ಒಂದು, ಶುಗರ್ ಜಾಸ್ತಿ ಇದ್ದಾಗ ಕಣ್ಣಿನ ಮಸೂರದಲ್ಲಿ ನೀರಿನ ಅಂಶ ಬದಲಾಗಿರುತ್ತದೆ. ಶುಗರ್ ಇಳಿದಾಗ ಅದು ಮತ್ತೆ ಬದಲಾಗುತ್ತದೆ, ಪವರ್ ಹೆಚ್ಚು ಕಡಿಮೆಯಾಗಿ ಮಂಜಾಗುತ್ತದೆ. ಶುಗರ್ ಕೆಲವು ವಾರ ಒಂದು ಮಟ್ಟದಲ್ಲಿ ನಿಂತ ಮೇಲೆಯೇ ಹೊಸ ಕನ್ನಡಕ ಮಾಡಿಸಬೇಕು. ನಿಮ್ಮದು ಇದೇ ಇರಬಹುದು, ಆದರೆ ರೆಟಿನಾ ನೋಡದೆ ಇದೇ ಅಂತ ಹೇಳಲಾಗದು.

ಎರಡು, ರೆಟಿನಾದಲ್ಲಿ ಮೊದಲೇ ಹಾನಿ ಇದ್ದವರಲ್ಲಿ ತುಂಬಾ ದಿನ ಏರಿದ್ದ ಶುಗರ್ ಒಮ್ಮೆಲೇ ಇಳಿದರೆ ಮೊದಲ ಕೆಲವು ತಿಂಗಳು ಆ ಹಾನಿ ಹೆಚ್ಚುವುದುಂಟು. ವರ್ಷಗಳ ಲೆಕ್ಕದಲ್ಲಿ ಶುಗರ್ ಇಳಿಸಿದವರ ಕಣ್ಣೇ ಚೆನ್ನಾಗಿ ಉಳಿಯುತ್ತದೆ. ಹಾಗಾಗಿ ಇದು ಇನ್ಸುಲಿನ್ ಬಿಡುವುದಕ್ಕೆ ಕಾರಣವಲ್ಲ, ಇಳಿಸುವ ಮೊದಲು ರೆಟಿನಾ ನೋಡಿಸುವುದಕ್ಕೆ ಕಾರಣ.

ಲೆಕ್ಕದ ಪುಸ್ತಕ ಅವರು ಎಷ್ಟು ಬೇಗ ಇಳಿಸಿದರೆ ಅಷ್ಟು ಒಳ್ಳೆಯದು ಅಂದದ್ದು ಇಲ್ಲಿ ಪೂರ್ತಿ ಸರಿಯಲ್ಲ. ಈ ಅಪ್ಪನಿಗೆ ಗಂಟು ಸಿಕ್ಕಿ, ಚುಚ್ಚುವ ರೀತಿ ಸರಿಯಾದರೆ 9.1 ವೇಗವಾಗಿ ಇಳಿಯುತ್ತದೆ. 12 ವರ್ಷದ ಶುಗರು, ಪಾಪೆ ಹಿಗ್ಗಿಸಿ ರೆಟಿನಾ ನೋಡಿದ ದಾಖಲೆಯ ಮಾತೇ ಇಲ್ಲ. ಆದ್ದರಿಂದ ಕಣ್ಣಿನ ಪರೀಕ್ಷೆ ಮೊದಲ ಒಂದೆರಡು ವಾರದೊಳಗೆ ಆಗಲಿ. ಗಂಟಿನ ಕೆಲಸವನ್ನು ಅದಕ್ಕಾಗಿ ತಡೆಯಬೇಡಿ, 62 ಕೂಡ ಅಪಾಯವೇ.

ಲೆಕ್ಕದ ಪುಸ್ತಕ
ಸರ್, ಅವರ ಅಪ್ಪನಿಗೆ ಓದಲು ತೊಂದರೆ ಇಲ್ಲ ಅಲ್ಲವೇ? ಕೊನೆಯ ಸಾಲು ಓದಿದರೆ ರೆಟಿನಾ ಚೆನ್ನಾಗಿದೆ ಎಂದೇ ತಾನೇ?

ಪಾಪೆ
ಇಲ್ಲ. ಚಾರ್ಟಿನ ಕೊನೆಯ ಸಾಲು ಓದುವ ಕಣ್ಣಿನಲ್ಲೂ ಲೇಸರ್ ಬೇಕಾಗುವಷ್ಟು ಹೊಸ ರಕ್ತನಾಳ ಬೆಳೆದಿರಬಹುದು. ಓದುವ ಕೆಲಸ ನಡೆಯುವುದು ರೆಟಿನಾದ ನಡುವಿನ ಒಂದು ಸಣ್ಣ ಚುಕ್ಕೆಯಲ್ಲಿ. ಅದರ ಸುತ್ತ ರಕ್ತ ಜಿನುಗುತ್ತಿದ್ದರೂ ಓದು ಹಾಗೆಯೇ ಇರುತ್ತದೆ. ಕನ್ನಡಕದ ಪರೀಕ್ಷೆಯಲ್ಲಿ ಯಾರೂ ಅಲ್ಲಿಗೆ ಬೆಳಕು ಬಿಟ್ಟು ನೋಡುವುದಿಲ್ಲ.

ಪರೀಕ್ಷೆಯ ದಿನ ಹನಿ ಹಾಕಿ 20ರಿಂದ 30 ನಿಮಿಷ ಕಾಯಬೇಕು. ಪಾಪೆ ದೊಡ್ಡದಾದ ಮೇಲೆ ನೋಡುತ್ತಾರೆ. ನಾಲ್ಕರಿಂದ ಆರು ಗಂಟೆ ಹತ್ತಿರದ್ದು ಮಂಜು, ಬೆಳಕು ಚುಚ್ಚುತ್ತದೆ, ಗಾಡಿ ಓಡಿಸುವ ಹಾಗಿಲ್ಲ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. HbA1c ಮತ್ತು ಬಿಪಿಯ ಸಂಖ್ಯೆಗಳನ್ನು ಬರೆದುಕೊಂಡು ಹೋಗಿ, ಎರಡೂ ಮುಂದಿನ ತೀರ್ಮಾನಕ್ಕೆ ಬೇಕು. ಹೊರಗೆ ಬರುವಾಗ ಮೂರು ಉತ್ತರ ಕೈಯಲ್ಲಿರಲಿ. ಹಾನಿ ಇದೆಯೇ, ಇದ್ದರೆ ಯಾವ ಹಂತ. ನಡುವಿನ ಭಾಗದಲ್ಲಿ ಊತ ಇದೆಯೇ. ಮುಂದಿನ ಭೇಟಿ ಯಾವ ತಿಂಗಳು. ಹಾನಿಯಿಲ್ಲದಿದ್ದರೆ ವರ್ಷಕ್ಕೊಮ್ಮೆ, ಸ್ವಲ್ಪ ಇದ್ದರೆ 6ರಿಂದ 12 ತಿಂಗಳು, ತೀವ್ರವಾಗಿದ್ದರೆ ಮೂರು ತಿಂಗಳೊಳಗೆ ಅಂತ ಇಟ್ಟುಕೊಳ್ಳಿ.

ಕಣ್ಣೆದುರು ಇದ್ದಕ್ಕಿದ್ದ ಹಾಗೆ ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದ ಹಾಗೆ ಆಗುವುದು, ಒಂದು ಕಣ್ಣು ಸಟ್ಟನೆ ಮಂಜಾಗುವುದು, ಇವಕ್ಕೆ ವರ್ಷದ ತಪಾಸಣೆಯ ದಿನ ಕಾಯಬೇಡಿ, ಅಂದೇ ಹೋಗಿ.

ಅಳತೆ ತಟ್ಟೆ
ಪಾಪೆ ಸರ್, ಹನಿ ಹಾಕದೆ ಕ್ಯಾಮೆರಾದಲ್ಲಿ ರೆಟಿನಾದ ಫೋಟೊ ತೆಗೆಯುತ್ತಾರಲ್ಲ, ಅದು ಸಾಲದೇ? ಎಷ್ಟೋ ಜನ ಹನಿಗೆ ಹೆದರಿಯೇ ಹೋಗುವುದಿಲ್ಲ.

ಪಾಪೆ
ಫೋಟೊ ಸ್ಪಷ್ಟವಾಗಿದ್ದು, ಅದನ್ನು ಓದಲು ಬಲ್ಲವರು ನೋಡಿದರೆ ಹಾನಿ ಇದೆಯೋ ಇಲ್ಲವೋ ಅಂತ ಜರಡಿ ಹಿಡಿಯಲು ಆಗುತ್ತದೆ. ವಯಸ್ಸಾದವರಲ್ಲಿ ಪಾಪೆ ಸಣ್ಣದು, ಪೊರೆ ಇರುತ್ತದೆ, ಫೋಟೊ ಮಸುಕಾಗುತ್ತದೆ. ಮಸುಕಾದ ಫೋಟೊವನ್ನು ನಾರ್ಮಲ್ ಅಂತ ಓದಬಾರದು, ಹನಿ ಹಾಕಿ ಮತ್ತೆ ನೋಡಬೇಕು. ಇನ್ನು ಸತತವಾಗಿ ಹಾನಿಯಿಲ್ಲದವರಿಗೆ ಒಂದು ವರ್ಷವೋ ಎರಡು ವರ್ಷವೋ ಅನ್ನುವುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. 9.1 ಇರುವವರಿಗೆ ಎರಡು ವರ್ಷ ನಾನು ಹೇಳುವುದಿಲ್ಲ.

ಅಂಗಾಲು
ನಾನು ಪಾದದ ಚಿಕಿತ್ಸೆಯವನು. ಹೊಂಗೆ ನೆರಳು ಅವರೇ, ನಿಮ್ಮ ಅಪ್ಪನ ಅಂಗಾಲಿನಲ್ಲಿ ಎಲ್ಲಾದರೂ ಚರ್ಮ ಜಡ್ಡುಗಟ್ಟಿದೆಯೇ? ಬೆರಳು ಬಾಗಿವೆಯೇ? ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗದೆ ನಡೆದದ್ದು ಇದೆಯೇ?

ಹೊಂಗೆ ನೆರಳು
ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ನಾಣ್ಯದಷ್ಟು ಅಗಲ ಗಟ್ಟಿಯಾಗಿದೆ. ನಡುವೆ ಕಂದು ಬಣ್ಣದ ಒಂದು ಚುಕ್ಕೆ. ಮುಟ್ಟಿದರೆ ನೋವೇ ಇಲ್ಲ ಅನ್ನುತ್ತಾರೆ. ಆಣಿಗೆ ಹಚ್ಚುವ ಪಟ್ಟಿ ತಂದಿಟ್ಟಿದ್ದಾರೆ. ಚಪ್ಪಲಿ ಜಾರೋದು ಹೌದು, ನಾವು ನಗುತ್ತಿದ್ದೆವು.

ಅಂಗಾಲು
ಆ ಪಟ್ಟಿ ಹಚ್ಚಬೇಡಿ. ಅದರಲ್ಲಿ ಚರ್ಮ ಕರಗಿಸುವ ಆಮ್ಲ ಇರುತ್ತದೆ. ಸ್ಪರ್ಶ ಇಲ್ಲದ ಪಾದದಲ್ಲಿ ಅದು ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಬ್ಲೇಡಿನಿಂದ ಕೆರೆಯುವುದೂ ಬೇಡ.

ನೋವಿಲ್ಲ, ಹಾಗಾಗಿ ಕಾಲು ಚೆನ್ನಾಗಿದೆ ಅನ್ನುವುದು ಇಲ್ಲಿ ತಲೆಕೆಳಗಾದ ಲೆಕ್ಕ. ಉರಿ, ಜೋಮು ಬರುವ ನರಗಳ ತೊಂದರೆ ಒಂದು ಬಗೆ. ಸದ್ದಿಲ್ಲದೆ ಸ್ಪರ್ಶ ಹೋಗುವುದು ಇನ್ನೊಂದು ಬಗೆ, ಹುಣ್ಣಾಗುವುದು ಹೆಚ್ಚಾಗಿ ಇಂಥವರಿಗೆ. ಸ್ಪರ್ಶವಿಲ್ಲದ್ದರಿಂದ ಒಂದೇ ಜಾಗದ ಮೇಲೆ ದಿನವಿಡೀ ಭಾರ ಬಿದ್ದರೂ ಕಾಲು ಬದಲಿಸುವುದಿಲ್ಲ. ಅಲ್ಲಿ ಜಡ್ಡು ಕಟ್ಟುತ್ತದೆ. ಆ ಜಡ್ಡೇ ಕಲ್ಲಿನ ಹಾಗೆ ಒಳಕ್ಕೆ ಒತ್ತುತ್ತದೆ, ಅಡಿಯಲ್ಲಿ ರಕ್ತ ಜಿನುಗುತ್ತದೆ. ನೀವು ಹೇಳಿದ ಕಂದು ಚುಕ್ಕೆ ಅದೇ ಇರಬಹುದು ಅನ್ನುವುದು ನನ್ನ ಆತಂಕ. ಮೇಲೆ ಚರ್ಮ ಮುಚ್ಚಿರುವಾಗಲೇ ಒಳಗೆ ಹುಣ್ಣು ಶುರುವಾಗಿರುತ್ತದೆ. ಪಾದದವರ ಭೇಟಿಯನ್ನು ಇದೇ ವಾರಕ್ಕೆ ಹಾಕಿಕೊಳ್ಳಿ. ನೀರು ಬರುತ್ತಿದ್ದರೆ, ವಾಸನೆ ಇದ್ದರೆ, ಸುತ್ತ ಕೆಂಪಾಗಿದ್ದರೆ ಇವತ್ತೇ.

ನಾವು ಏನು ಮಾಡುತ್ತೇವೆ ಅಂದರೆ, ಎರಡೂ ಪಾದದ ಚಪ್ಪಲಿ, ಕಾಲುಚೀಲ ತೆಗೆಸಿ ಬೆರಳ ಸಂದಿಯ ತನಕ ನೋಡುತ್ತೇವೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದಿದೆ. ಮೊದಲು ಕೈಗೆ ತಾಗಿಸಿ ಅದು ಹೇಗಿರುತ್ತದೆ ಅಂತ ತೋರಿಸಿ, ಆಮೇಲೆ ಕಣ್ಣು ಮುಚ್ಚಿಸಿ ಹೆಬ್ಬೆರಳಿನ ತುದಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ ಮೂರೂ ಕಡೆ ಎಳೆ ಬಾಗುವ ತನಕ ಒಂದೆರಡು ಸೆಕೆಂಡ್ ಒತ್ತುತ್ತೇವೆ. ಪ್ರತಿ ಜಾಗಕ್ಕೆ ಮೂರು ಸಲ ಕೇಳಬೇಕು, ಅದರಲ್ಲಿ ಒಂದು ಸಲ ಮುಟ್ಟದೆಯೇ ಕೇಳಬೇಕು. ಇಲ್ಲವಾದರೆ ಮರ್ಯಾದೆಗೆ ಹೌದು ಹೌದು ಅನ್ನುವವರು ಬಹಳ. ಮೂರರಲ್ಲಿ ಎರಡು ಉತ್ತರ ಸರಿಯಾದರೆ ಅಲ್ಲಿ ಸ್ಪರ್ಶ ಇದೆ ಅಂತ. ಜಡ್ಡಿನ ಮೇಲೆ ಒತ್ತಿ ಸ್ಪರ್ಶವಿಲ್ಲ ಅಂತ ಬರೆಯುವುದೂ ತಪ್ಪು, ಪಕ್ಕದಲ್ಲಿ ಒತ್ತಬೇಕು. ಜೊತೆಗೆ ಕಂಪನ ಗೊತ್ತಾಗುತ್ತದೆಯೇ ಅಂತ ಟ್ಯೂನಿಂಗ್ ಫೋರ್ಕ್ ಇಟ್ಟು ನೋಡುತ್ತೇವೆ, ಪಾದದ ಮೇಲ್ಭಾಗದಲ್ಲಿ ಮತ್ತು ಒಳಗಣಕಾಲಿನ ಹಿಂದೆ ನಾಡಿ ಹಿಡಿದು ರಕ್ತ ಬರುತ್ತಿದೆಯೇ ಅಂತ ನೋಡುತ್ತೇವೆ.

ಇವುಗಳ ಮೇಲೆ ಮುಂದಿನ ಭೇಟಿ ನಿರ್ಧಾರವಾಗುತ್ತದೆ. ಸ್ಪರ್ಶವೂ ನಾಡಿಯೂ ಸರಿ ಇದ್ದರೆ ವರ್ಷಕ್ಕೊಮ್ಮೆ. ಎರಡರಲ್ಲಿ ಒಂದು ಹೋಗಿದ್ದರೆ 6ರಿಂದ 12 ತಿಂಗಳು. ಎರಡೂ ಹೋಗಿದ್ದರೆ, ಅಥವಾ ಒಂದು ಹೋಗಿ ಪಾದದ ಆಕಾರವೂ ಕೆಟ್ಟಿದ್ದರೆ 3ರಿಂದ 6 ತಿಂಗಳು. ಇಂಥ ಪಾದದಲ್ಲಿ ಹಿಂದೆ ಹುಣ್ಣಾಗಿದ್ದರೆ ಅಥವಾ ಬೆರಳು ತೆಗೆದಿದ್ದರೆ 1ರಿಂದ 3 ತಿಂಗಳು. ವರ್ಷಕ್ಕೊಮ್ಮೆ ಅನ್ನುವುದು ಚೆನ್ನಾಗಿರುವ ಪಾದಕ್ಕೆ ಮಾತ್ರ.

ನೀಲಿ ಕೊಡೆ
ನನ್ನ ಒಂದು ಪಾದ ಸ್ವಲ್ಪ ಬಿಸಿ, ಊದಿಕೊಂಡಿದೆ, ನೋವು ಅಷ್ಟಿಲ್ಲ. ಯೂರಿಕ್ ಆಸಿಡ್ ಇರಬೇಕು ಅಂತ ಮಾತ್ರೆ ತಗೊಳ್ತಿದ್ದೀನಿ. ಇದೂ ಎಜುಕೇಟರ್ ನೋಡ್ತಾರಾ?

ಅಂಗಾಲು
ನೀಲಿ ಕೊಡೆ ಅವರೇ, ಇದಕ್ಕೆ ಎಜುಕೇಟರ್ ಅಲ್ಲ, ಪಾದದವರು ಅಥವಾ ನಿಮ್ಮ ಶುಗರ್ ಡಾಕ್ಟರು, ಇವತ್ತೇ. ಶುಗರ್ ಇರುವವರಲ್ಲಿ ಒಂದೇ ಪಾದ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ಅದಕ್ಕೆ ತಕ್ಕ ನೋವಿಲ್ಲದಿದ್ದರೆ ಒಳಗಿನ ಮೂಳೆ ಕುಸಿಯುತ್ತಿರಬಹುದು. ಇದಕ್ಕೆ ಶಾರ್ಕೊ ಪಾದ ಅನ್ನುತ್ತಾರೆ. ಶುರುವಿನಲ್ಲಿ ಎಕ್ಸ್‌ರೇ ಕೂಡ ನಾರ್ಮಲ್ ಬರಬಹುದು, ಯೂರಿಕ್ ಆಸಿಡ್ ಅಂತಲೋ ಸೋಂಕು ಅಂತಲೋ ವಾರಗಟ್ಟಲೆ ಕಳೆಯುತ್ತದೆ. ಅಷ್ಟರಲ್ಲಿ ಅಂಗಾಲಿನ ಕಮಾನು ಮುರಿದಿರುತ್ತದೆ. ಎರಡೂ ಪಾದದ ಚರ್ಮದ ಶಾಖ ಅಳೆದು, ಎರಡು ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ವ್ಯತ್ಯಾಸವಿದ್ದರೆ ಬಲವಾದ ಅನುಮಾನ ಪಡಬೇಕು. ನೋಡಿಸುವ ತನಕ ಆ ಕಾಲಿನ ಮೇಲೆ ಭಾರ ಹಾಕಬೇಡಿ.

ಅಳತೆ ತಟ್ಟೆ
ನನ್ನ ಸರದಿ, ಡಯಟೀಷಿಯನ್ ನಾನು. ಅಚ್ಚು ಹಾಕಿದ ಹಾಳೆ ಅನ್ನುವ ಮಾತಿಗೆ ಬೇಸರವಿಲ್ಲ, ಹಾಗೆ ಕೊಟ್ಟು ಕಳಿಸುವವರೂ ಇದ್ದಾರೆ. ಆದರೆ ಹಾಳೆಯಲ್ಲಿ ಡೋಸ್ ಇರುವುದಿಲ್ಲ. ಬೇಗ ಕೆಲಸ ಮಾಡುವುದು, ನಿಧಾನ ಕೆಲಸ ಮಾಡುವುದು ಎರಡೂ ಸೇರಿದ ದಿನಕ್ಕೆರಡು ಸಲದ ಮಿಕ್ಸ್ ಇನ್ಸುಲಿನ್ ಊಟದ ಹೊತ್ತನ್ನು ತಾನೇ ಗೊತ್ತು ಮಾಡಿಬಿಡುತ್ತದೆ. ಬೆಳಿಗ್ಗೆ ಹಾಕಿದ್ದರ ನಿಧಾನದ ಭಾಗ ಮಧ್ಯಾಹ್ನಕ್ಕೆ ಬಲವಾಗಿರುತ್ತದೆ. ಅಂದು ಊಟ ಎರಡು ಗಂಟೆ ತಡವಾದರೆ 62 ಬರುವುದಕ್ಕೆ ಹೊಟ್ಟೆಯ ಗಂಟೇ ಬೇಕಿಲ್ಲ.

ಅದಕ್ಕೆ ಮೂರು ದಿನದ ಬರಹ ತನ್ನಿ, ಅದರಲ್ಲೊಂದು ರಜೆಯ ದಿನ ಇರಲಿ. ತಿಂದದ್ದು, ಎಷ್ಟು ಬಟ್ಟಲು ಅಥವಾ ಎಷ್ಟು ಗ್ರಾಂ, ಎಷ್ಟು ಗಂಟೆಗೆ, ಇನ್ಸುಲಿನ್ ಎಷ್ಟು ಗಂಟೆಗೆ, ಊಟಕ್ಕೆ ಮೊದಲು ಮತ್ತು ಎರಡು ಗಂಟೆ ನಂತರದ ಮೀಟರ್ ಸಂಖ್ಯೆ. ಊಟಕ್ಕೆ ಮೊದಲು 130, ಆಮೇಲೆ 290 ಆದರೆ ಆ ಊಟದ ಹಿಟ್ಟಿನಂಶ ಆ ಡೋಸಿಗೆ ಹೆಚ್ಚು ಅಂತ ನೇರವಾಗಿ ಕಾಣುತ್ತದೆ. ಊಟಕ್ಕೆ ಮೊದಲೇ 250 ಇದ್ದರೆ ಆ ಊಟವನ್ನು ಬೈದು ಪ್ರಯೋಜನವಿಲ್ಲ, ಹಿಂದಿನ ಡೋಸನ್ನೋ ಹಿಂದಿನ ತಿಂಡಿಯನ್ನೋ ನೋಡಬೇಕು. ಮೀಟರಿಗೆ ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಹಣ್ಣು ಮುಟ್ಟಿದ ಬೆರಳು ಸುಳ್ಳು 250 ತೋರಿಸುತ್ತದೆ.

ಲೋ ಶುಗರಿಗೂ ಅಳತೆ ಇದೆ. 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ನೋಡಿ. ಹೆದರಿ ಕೈಗೆ ಸಿಕ್ಕಿದ್ದೆಲ್ಲ ತಿಂದರೆ ಎರಡು ಗಂಟೆಗೆ 280. ನಿಮ್ಮ ಅಪ್ಪನ 280ಗಳಲ್ಲಿ ಒಂದೆರಡು ಹೀಗೆ ಬಂದಿದ್ದರೆ ಆಶ್ಚರ್ಯವಿಲ್ಲ.

62 ಬರುತ್ತಿರುವಷ್ಟು ದಿನ ರಾತ್ರಿ ಮಲಗುವ ಮುನ್ನ ಸ್ವಲ್ಪ ತಿನ್ನಲಿ ಅನ್ನುವುದು ನನ್ನ ಅಭಿಪ್ರಾಯ.

ಪೆನ್ನು ಸೂಜಿ
ಅದನ್ನು ನಾನು ಒಪ್ಪುವುದಿಲ್ಲ ಮೇಡಂ. ಲೋ ಬರುತ್ತಿದ್ದರೆ ಡೋಸ್ ಇಳಿಯಬೇಕು, ಇನ್ಸುಲಿನ್‌ಗೆ ಊಟ ಹಾಕಿ ಸಾಕುತ್ತಾ ಹೋದರೆ ತೂಕ ಏರುತ್ತದೆ.

ಅಳತೆ ತಟ್ಟೆ
ಡೋಸ್ ಇಳಿಯುವ ತನಕದ ರಾತ್ರಿಗಳ ಮಾತು ನಾನು ಹೇಳಿದ್ದು. ಮಲಗುವಾಗ ಎಷ್ಟಿದೆ ನೋಡಿ ಅವರವರ ಡಾಕ್ಟರು ಹೇಳಲಿ, ನಾವಿಬ್ಬರೂ ಇಲ್ಲಿ ಇತ್ಯರ್ಥ ಮಾಡುವುದು ಬೇಡ.

ಒಂದು ಮಾತು ಉಳಿಯಿತು. ಕಿಡ್ನಿಯ ಪೂರ್ತಿ ರಿಪೋರ್ಟ್ ಇಲ್ಲದೆ ನಾನು ಪ್ರೋಟೀನ್ ಎಷ್ಟು ಅಂತ ಬರೆಯಲಾರೆ. ಕ್ರಿಯಾಟಿನಿನ್ ಇದೆ ಅಂದಿರಿ. ಮೂತ್ರದ ಆಲ್ಬುಮಿನ್?

ಹೊಂಗೆ ನೆರಳು
ಪ್ಯಾಕೇಜಿನಲ್ಲಿ ಯೂರಿನ್ ರೂಟೀನ್ ಇದೆ, ಪ್ರೋಟೀನ್ ನಿಲ್ ಅಂತ ಬರೆದಿದೆ.

ಲೆಕ್ಕದ ಪುಸ್ತಕ
ನಿಲ್ ಅಂದಮೇಲೆ ಕಿಡ್ನಿ ಸರಿ ಇದೆ.

ಅಳತೆ ತಟ್ಟೆ
ಯೂರಿನ್ ರೂಟೀನಿನಲ್ಲಿ ಮೂತ್ರಕ್ಕೆ ಅದ್ದಿ ನೋಡುವ ಪಟ್ಟಿಗೆ ಆಲ್ಬುಮಿನ್ ಅನ್ನೋ ಪ್ರೋಟೀನ್ ಸಣ್ಣ ಪ್ರಮಾಣದಲ್ಲಿದ್ದರೆ ಕಾಣುವುದಿಲ್ಲ. ಕಿಡ್ನಿಯ ಸೋರಿಕೆ ಶುರುವಾಗುವುದೇ ಆ ಸಣ್ಣ ಪ್ರಮಾಣದಲ್ಲಿ, ಕ್ರಿಯಾಟಿನಿನ್ ಇನ್ನೂ ನಾರ್ಮಲ್ ಇರುವಾಗ. ಕೇಳಬೇಕಾದದ್ದು ಮೂತ್ರದ ಆಲ್ಬುಮಿನ್ ಕ್ರಿಯಾಟಿನಿನ್ ಅನುಪಾತ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಸರಿ. ಹೆಚ್ಚು ಬಂದರೆ ಗಾಬರಿ ಬೇಡ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಬಿರುಸಿನ ವ್ಯಾಯಾಮ, ಶುಗರ್ ತೀರಾ ಏರಿರುವುದು, ಇವು ಅದನ್ನು ಏರಿಸುತ್ತವೆ. ಮೂರರಿಂದ ಆರು ತಿಂಗಳಲ್ಲಿ ಮೂರು ಸ್ಯಾಂಪಲಿನಲ್ಲಿ ಎರಡು ಹೆಚ್ಚು ಬಂದರೆ ಮಾತ್ರ ತೊಂದರೆ ಅಂತ ಒಪ್ಪುತ್ತಾರೆ.

ಪೆನ್ನು ಸೂಜಿ
ಹೊಂಗೆ ನೆರಳು ಅವರಿಗಾಗಿ ವರ್ಷದ ಪಟ್ಟಿ ಇಲ್ಲಿ ಹಾಕುತ್ತೇನೆ. ಒಂದು ನೋಟ್‌ಬುಕ್ಕಿನ ಹಾಳೆಗೆ ಬರೆದುಕೊಂಡು ಪ್ರತಿ ಸಾಲಿನ ಮುಂದೆ ದಿನಾಂಕ, ಸಂಖ್ಯೆ, ಮುಂದಿನ ತಿಂಗಳು ಅಂತ ಮೂರು ಕಾಲಂ ಹಾಕಿ. ಒಳ್ಳೇದಿದೆ ಅಂತ ಬರೆಸಿಕೊಳ್ಳಬೇಡಿ, ಸಂಖ್ಯೆ ಕೇಳಿ.

- HbA1c: ಗುರಿಯಲ್ಲಿ ಸ್ಥಿರವಾಗಿದ್ದರೆ ವರ್ಷಕ್ಕೆ ಎರಡು ಸಲ, ಔಷಧಿ ಬದಲಾದಾಗ ಅಥವಾ ಗುರಿ ಮುಟ್ಟದಿದ್ದಾಗ ಮೂರು ತಿಂಗಳಿಗೊಮ್ಮೆ. ಜೊತೆಗೆ ಹಿಮೋಗ್ಲೋಬಿನ್ ನೋಡಿ. ರಕ್ತಹೀನತೆ ಇದ್ದರೆ HbA1c ದಾರಿ ತಪ್ಪಿಸುತ್ತದೆ. 9.1ಕ್ಕೆ ಸರಾಸರಿ ಶುಗರ್ ಸುಮಾರು 214. ಮೀಟರಿನ ಸರಾಸರಿ 150 ಅಂತಿದ್ದರೆ ಒಂದೋ ಬೆಳಗಿನದ್ದು ಮಾತ್ರ ನೋಡುತ್ತಿದ್ದೀರಿ, ಇಲ್ಲವೇ ರಕ್ತದಲ್ಲಿ ಬೇರೇನೋ ಇದೆ.
- ಬಿಪಿ ಮತ್ತು ತೂಕ ಪ್ರತಿ ಭೇಟಿಯಲ್ಲೂ. ಬಿಪಿಯ ಗುರಿ ಹೆಚ್ಚಿನವರಿಗೆ 130/80ರ ಕೆಳಗೆ.
- ಮೂತ್ರದ ಆಲ್ಬುಮಿನ್ ಕ್ರಿಯಾಟಿನಿನ್ ಅನುಪಾತ, ರಕ್ತದ ಕ್ರಿಯಾಟಿನಿನ್ ಜೊತೆಗೆ ಅದರಿಂದ ಲೆಕ್ಕ ಹಾಕಿದ eGFR, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಸಂಖ್ಯೆ. eGFR ಮೂರು ತಿಂಗಳು 60ರ ಕೆಳಗೆ ನಿಂತರೆ ಡಾಕ್ಟರು ಔಷಧಿ ಪಟ್ಟಿಯನ್ನೇ ಮತ್ತೆ ನೋಡಬೇಕು.
- ಕೊಲೆಸ್ಟ್ರಾಲ್, ಲಿವರ್. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಿಗೆ ಬಿ12. ಅದು ಕಡಿಮೆಯಾದರೂ ಕಾಲು ಜೋಮು ಹಿಡಿಯುತ್ತದೆ, ಎಲ್ಲ ತಪ್ಪೂ ಶುಗರಿನ ತಲೆಗೆ ಹೋಗುತ್ತದೆ.
- ಕಣ್ಣು: ಪಾಪೆ ಹಿಗ್ಗಿಸಿ ರೆಟಿನಾ. ಟೈಪ್ 2 ಇದ್ದವರು ಶುಗರ್ ಗೊತ್ತಾದ ವರ್ಷವೇ ಶುರು ಮಾಡಬೇಕು, ಟೈಪ್ 1 ಇದ್ದವರು ಐದು ವರ್ಷದೊಳಗೆ. ಗರ್ಭಿಣಿಯಾಗುವ ಯೋಚನೆ ಇದ್ದರೆ ಅದಕ್ಕೆ ಮೊದಲು, ಇಲ್ಲವೇ ಮೊದಲ ಮೂರು ತಿಂಗಳಲ್ಲಿ.
- ಪಾದ: ಎಳೆ, ಕಂಪನ, ನಾಡಿ, ಚರ್ಮ, ಆಕಾರ. ತೊಡುವ ಚಪ್ಪಲಿ, ಶೂ ಜೊತೆಗೆ ತನ್ನಿ.
- ಎಜುಕೇಟರ್: ಪೆನ್ನು, ಮೀಟರ್ ಎರಡೂ ತಂದು ಮಾಡಿ ತೋರಿಸುವುದು, ಚುಚ್ಚುವ ಜಾಗ ಮುಟ್ಟಿಸುವುದು, ಲೋ ಶುಗರ್ ಬಂದರೆ ಏನು, ಜ್ವರ ವಾಂತಿ ಇದ್ದ ದಿನ ಯಾವ ಮಾತ್ರೆ ನಿಲ್ಲಿಸಬೇಕು ಅಂತ ಬರೆಸಿಕೊಳ್ಳುವುದು. ಟೈಪ್ 1 ಇದ್ದವರು ಊಟ ಸೇರದಿದ್ದರೂ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ನಿಲ್ಲಿಸಬಾರದು.
- ಡಯಟೀಷಿಯನ್: ಮೂರು ದಿನದ ಬರಹದ ಜೊತೆಗೆ. ಔಷಧಿ ಬದಲಾದಾಗ, ಕಿಡ್ನಿ ರಿಪೋರ್ಟ್ ಬದಲಾದಾಗ ವರ್ಷ ಕಾಯದೆ.
- ಹಲ್ಲು ಮತ್ತು ವಸಡು, ಫ್ಲೂ ಲಸಿಕೆ.

ಅಂಗಾಲು
ಪಾದದ ಸಾಲಿಗೆ ಒಂದು ಸೇರಿಸಿ. ಶೂ ಒಳಗಿನ ಉದ್ದ ನಿಂತಾಗಿನ ಪಾದಕ್ಕಿಂತ ಒಂದರಿಂದ ಎರಡು ಸೆಂಟಿಮೀಟರ್ ಹೆಚ್ಚಿರಬೇಕು. ಸ್ಪರ್ಶ ಹೋದವರು ಬಿಗಿಯಾದ ಶೂ ಆರಿಸುತ್ತಾರೆ, ಬಿಗಿಯಿದ್ದರೆ ಮಾತ್ರ ಹಾಕಿದ್ದು ಗೊತ್ತಾಗುವುದರಿಂದ. ಪ್ರತಿದಿನ ಹಾಕುವ ಮೊದಲು ಒಳಗೆ ಕೈ ಹಾಕಿ ನೋಡಿ.

ಹೊಂಗೆ ನೆರಳು
ಎಲ್ಲರಿಗೂ ಧನ್ಯವಾದ. ಸೋಪಿನ ನೀರು ಹಚ್ಚಿ ಸವರಿ ನೋಡಿದೆವು. ಹೊಕ್ಕುಳಿನ ಎಡಕ್ಕೆ ಮೂರು ಬೆರಳಗಲದ ಜಾಗ ರಬ್ಬರಿನ ಹಾಗಿದೆ, ಬಲಗಡೆ ಮೆತ್ತಗಿದೆ. ಪಾದದವರಲ್ಲಿ ನಾಳಿದ್ದಿಗೆ, ಕಣ್ಣಿಗೆ ಮುಂದಿನ ವಾರಕ್ಕೆ ಸಮಯ ಸಿಕ್ಕಿದೆ. ಎಜುಕೇಟರ್ ಸಿಗೋದು ಹತ್ತು ದಿನ ಆಗುತ್ತದಂತೆ. ಅಲ್ಲಿಯ ತನಕ ಚುಚ್ಚುವುದು ಎಲ್ಲಿ?

ಪೆನ್ನು ಸೂಜಿ
ಹತ್ತು ದಿನ ಕಾಯಬೇಡಿ. ಶುಗರ್ ಡಾಕ್ಟರಿಗೇ ಇವತ್ತು ಫೋನ್ ಮಾಡಿ ಮೂರು ಮಾತು ಹೇಳಿ: ಎಡಗಡೆ ಗಂಟು ಇದೆ, ಶುಗರ್ 280ರಿಂದ 62ರ ತನಕ ಓಡಾಡುತ್ತಿದೆ, ಬಲಗಡೆಗೆ ಬದಲಾಯಿಸಬೇಕು, ಡೋಸ್ ಎಷ್ಟು ಇಳಿಸಲಿ. ಅವರು ಹೇಳಿದ ಡೋಸಿನಲ್ಲಿ ಬಲಗಡೆ ಶುರು ಮಾಡಿ. ಮೊದಲ ವಾರ ಊಟಗಳಿಗೆ ಮುನ್ನ, ಮಲಗುವ ಮುನ್ನ, ಮತ್ತು ಮೊದಲೆರಡು ರಾತ್ರಿ ನಸುಕಿನ ಮೂರು ಗಂಟೆಗೆ ಒಮ್ಮೆ ಎದ್ದು ಮೀಟರ್ ನೋಡಿ. ಗ್ಲೂಕೋಸ್ ತಲೆದಿಂಬಿನ ಪಕ್ಕ ಇರಲಿ. ಗಂಟಿನ ಸುತ್ತಲಿಗೆ ಪೆನ್ನಿನಲ್ಲಿ ಗೆರೆ ಎಳೆದು ಫೋಟೊ ತೆಗೆದಿಡಿ. ಅದು ಕರಗಲು ತಿಂಗಳುಗಳೇ ಬೇಕು, ಮುಂದಿನ ಸಲ ಹೋಲಿಸಿ ನೋಡಲು ಎಜುಕೇಟರಿಗೆ ಅದೇ ಬೇಕಾಗುತ್ತದೆ.